ಡಿಟರ್ಜೆಂಟ್ ಇರುವ ಮಾದರಿಗೆ ಬ್ರಾಡ್‌ಫೋರ್ಡೋ, ಬಿಸಿಎಯೋ?

ಮಾದರಿಯಲ್ಲಿ ಪ್ರೋಟೀನ್ ಎಷ್ಟಿದೆ ಎಂದು ಅಳೆಯಲು ಪುಣೆಯ ನಮ್ಮ ಪ್ರಯೋಗಾಲಯಕ್ಕೆ ಬಿಸಿಎ ಕಿಟ್ ಕೊಂಡದ್ದು ಈ ವರ್ಷದ ಒಳ್ಳೆಯ ಖರೀದಿ. ಜೀವಕೋಶಗಳನ್ನು ರಿಪಾ ಬಫರಿನಲ್ಲಿ ಒಡೆದು ವೆಸ್ಟರ್ನ್ ಬ್ಲಾಟ್ ಮಾಡುವವರಿಗೆ ನಾನು ಹೇಳುವುದು ಬಿಸಿಎಯನ್ನೇ.

ಬ್ರಾಡ್‌ಫೋರ್ಡ್ ವಿಧಾನದಲ್ಲಿ ಕೂಮಾಸಿ ಬಣ್ಣ ಪ್ರೋಟೀನಿಗೆ ಅಂಟಿ ಕಂದಿನಿಂದ ನೀಲಿಗೆ ತಿರುಗುತ್ತದೆ. ತೊಂದರೆಯೆಂದರೆ ಡಿಟರ್ಜೆಂಟಿಗೂ ಅದು ಅಂಟುತ್ತದೆ. ನಮ್ಮ ರಿಪಾದಲ್ಲಿ ಶೇ 1 ಎನ್‌ಪಿ-40, ಶೇ 0.5 ಡಿಆಕ್ಸಿಕೋಲೇಟ್, ಶೇ 0.1 ಎಸ್‌ಡಿಎಸ್ ಇವೆ. ಪ್ರೋಟೀನೇ ಇಲ್ಲದ ಬರಿಯ ರಿಪಾವನ್ನು ಬಣ್ಣಕ್ಕೆ ಹಾಕಿ ನೋಡಿ, ಅದೂ ನೀಲಿಯಾಗುತ್ತದೆ. ಆ ನೀಲಿಯನ್ನು ಕಳೆದರಾಯಿತು ಎನ್ನುವಂತಿಲ್ಲ. ಎಸ್‌ಡಿಎಸ್ ಬಣ್ಣಕ್ಕಾಗಿ ಪ್ರೋಟೀನಿನೊಡನೆ ಪೈಪೋಟಿಗೂ ಇಳಿಯುವುದರಿಂದ ಎರಡರ ನೀಲಿ ಸರಳವಾಗಿ ಕೂಡುವುದಿಲ್ಲ.

ಕಿಟ್ ಬಂದ ಮೇಲೆ ಒಂದೇ ಮಾದರಿಯನ್ನು 2, 4, 8 ಪಟ್ಟು ತೆಳುಗೊಳಿಸಿ, ಎರಡರಲ್ಲೂ ಅಳೆದು, ಬಂದ ಅಂಕಿಯನ್ನು ಅಷ್ಟೇ ಪಟ್ಟು ಗುಣಿಸಿ ನೋಡಿದೆ. ಬ್ರಾಡ್‌ಫೋರ್ಡ್ ಮಿಲಿಲೀಟರಿಗೆ 3.2, 2.7, 2.2 ಮಿಲಿಗ್ರಾಂ ಎಂದು ಇಳಿಯುತ್ತ ಹೋಯಿತು. ಬಿಸಿಎ 2.0ರ ಆಸುಪಾಸಿನಲ್ಲೇ ನಿಂತಿತು. ತೆಳುಗೊಳಿಸಿದಂತೆ ಉತ್ತರ ಬದಲಾದರೆ ಅಳತೆಯಲ್ಲಿ ಬೇರೆ ಏನೋ ಬೆರೆತಿದೆ ಎಂದು ಅನುಮಾನಿಸಬೇಕು. 3.2 ಎಂದು ನಂಬಿ 20 ಮೈಕ್ರೋಗ್ರಾಂಗೆ 6.25 ಮೈಕ್ರೋಲೀಟರ್ ಹಾಕಿದರೆ ನಿಜವಾದ ಅಂಕಿ 2.0 ಆಗಿರುವುದರಿಂದ ಜೆಲ್ಲಿಗೆ ಇಳಿಯುವುದು 12.5 ಮೈಕ್ರೋಗ್ರಾಂ ಮಾತ್ರ. 20 ಪಟ್ಟು ತೆಳುಗೊಳಿಸಿದರೆ ಡಿಟರ್ಜೆಂಟಿನ ಕಾಟ ಬಹುಮಟ್ಟಿಗೆ ತಪ್ಪುತ್ತದೆ, ನಿಜ. ಆದರೆ ಮೊದಲೇ ಪ್ರೋಟೀನ್ ಕಡಿಮೆಯಿರುವ ಮಾದರಿ ಆಗ ಮಾನಕ ರೇಖೆಯ ತಳಕ್ಕೆ ಬೀಳುತ್ತದೆ.

ಬಿಸಿಎಯ ದಾರಿ ಬೇರೆ. ಕ್ಷಾರದಲ್ಲಿ ಪ್ರೋಟೀನ್ ತಾಮ್ರವನ್ನು ಅಪಕರ್ಷಿಸುತ್ತದೆ, ಆ ತಾಮ್ರವನ್ನು ಬಿಸಿಎ ಹಿಡಿದು ನೇರಳೆಯಾಗುತ್ತದೆ. ಡಿಟರ್ಜೆಂಟಿಗೆ ಇಲ್ಲಿ ಹೆಚ್ಚು ಕೆಲಸವಿಲ್ಲ, ಎಸ್‌ಡಿಎಸ್ ಶೇ 5ರಷ್ಟಿದ್ದರೂ ಬಿಸಿಎ ಸಾಮಾನ್ಯವಾಗಿ ತಾಳಿಕೊಳ್ಳುತ್ತದೆ. 25 ಮೈಕ್ರೋಲೀಟರ್ ಮಾದರಿಗೆ 200 ಮೈಕ್ರೋಲೀಟರ್ ಕಾರಕ ಸೇರಿಸಿ, 37 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟು, ತಣಿಸಿ, 562 ನ್ಯಾನೊಮೀಟರಿನಲ್ಲಿ ಓದುತ್ತೇನೆ. ಬಣ್ಣ ಏರುತ್ತಲೇ ಇರುವುದರಿಂದ ಇಡೀ ಪ್ಲೇಟನ್ನು ಒಟ್ಟಿಗೆ ಓದಬೇಕು. ಮಾನಕಗಳನ್ನೂ ರಿಪಾದಲ್ಲೇ ಮಾಡಿಕೊಳ್ಳಿ.

ಇದರ ಶತ್ರು ಡಿಟಿಟಿ ಮತ್ತು ಮರ್ಕ್ಯಾಪ್ಟೊಎಥನಾಲ್. ಅವೂ ತಾಮ್ರವನ್ನು ಅಪಕರ್ಷಿಸುತ್ತವೆ. ಧಾರವಾಡದಿಂದ ಬಂದ ನಮ್ಮ ಕಿರಿಯ ಸಂಶೋಧಕಿ, "ಅಕ್ಕಾ, ಲೋಡಿಂಗ್ ಬಫರ್ ಹಾಕಿ ಕುದಿಸಿಟ್ಟಿದ್ದೇನೆ, ಈಗ ಅಳೆಯಲೇ?" ಎಂದು ಕೇಳಿದಳು. ಬೇಡ ಎಂದೆ. ಆ ಬಫರಿನಲ್ಲಿ ಇವೇ ಇರುತ್ತವೆ, ಅದನ್ನು ಸೇರಿಸುವ ಮೊದಲೇ ಸ್ವಲ್ಪ ಮಾದರಿ ತೆಗೆದಿಟ್ಟುಕೊಳ್ಳಬೇಕು.

ಬ್ರಾಡ್‌ಫೋರ್ಡ್ ಅಗ್ಗ, ಐದೇ ನಿಮಿಷದ ಕೆಲಸ. ಡಿಟರ್ಜೆಂಟ್ ಇಲ್ಲದ ಕಾಲಮ್ ಭಾಗಗಳಿಗೆ ಈಗಲೂ ಅದನ್ನೇ ಬಳಸುತ್ತೇನೆ. ಬಿಸಿಎ ದುಬಾರಿ, ಆದರೆ ಕ್ಯುವೆಟ್ ಬಿಟ್ಟು 96 ಗುಳಿಯ ಪ್ಲೇಟಿನಲ್ಲಿ ಮಾಡಿದರೆ ಒಂದು ಬಾಟಲಿ ನಮ್ಮ ಅನುದಾನಕ್ಕೆ ಹೊರೆಯಾಗದಷ್ಟು ಕಾಲ ಬರುತ್ತದೆ.