ಹಾಸಿಗೆ ಜಾಹೀರಾತಿಗೆ ಯಾವುದು: ಐಡಾನಾ, ಪಾಸ್ ಆ?

ಜಾಹೀರಾತು ಬರೆಯುವ ಎರಡು ಸೂತ್ರಗಳಾದ ಐಡಾ, ಪಾಸ್‌ಗಳಲ್ಲಿ ಯಾವುದು ಹೊಂದುತ್ತದೆ ಎಂದು ಮೊದಲ ಸಲ ಹಾಸಿಗೆ ಜಾಹೀರಾತು ಬರೆಯುವವರು ಕೇಳಿದ್ದರಿಂದ ಎರಡನ್ನೂ ಪಕ್ಕಪಕ್ಕ ಇಡುತ್ತೇನೆ. ಐಡಾ ಎಂದರೆ ಗಮನ, ಆಸಕ್ತಿ, ಆಸೆ, ಕ್ರಿಯೆ. ಪಾಸ್ ಎಂದರೆ ತೊಂದರೆ ಹೇಳು, ಅದನ್ನು ಕೆಣಕು, ಪರಿಹಾರ ಕೊಡು.

ಐಡಾದಲ್ಲಿ ಹೀಗೆ ಬರುತ್ತದೆ:

ಗಮನ: "ನೈಟ್ ಶಿಫ್ಟ್ ಮುಗಿಸಿ ಅವರು ಬಂದು ಮಲಗಿದ್ದು ನಿಮಗೆ ಗೊತ್ತಾಯ್ತಾ?"
ಆಸಕ್ತಿ: "ಈ ಹಾಸಿಗೆಯ ಒಂದೊಂದು ಸ್ಪ್ರಿಂಗೂ ಬೇರೆಬೇರೆ ಬಟ್ಟೆ ಚೀಲದಲ್ಲಿದೆ. ಒಂದು ಕಡೆಯ ಅಲುಗಾಟ ಇನ್ನೊಂದು ಕಡೆಗೆ ಕಡಿಮೆ ದಾಟುತ್ತದೆ."
ಆಸೆ: "ಅವರು ಮಗ್ಗುಲು ಬದಲಿಸಲಿ, ನಿಮ್ಮ ನಿದ್ದೆ ನಿಮ್ಮದೇ."
ಕ್ರಿಯೆ: "ಭಾನುವಾರ ಇಬ್ಬರೂ ಅಂಗಡಿಗೆ ಬಂದು ಹತ್ತು ನಿಮಿಷ ಮಲಗಿ ನೋಡಿ."

ಹೊಸಬರು ಎಡವುವುದು ಮೂರನೇ ಸಾಲಿನಲ್ಲಿ. ಅಲ್ಲೂ ಸ್ಪ್ರಿಂಗ್, ಫೋಮ್ ಅಂತ ಲೆಕ್ಕ ಕೊಡುತ್ತಾರೆ. ಸಾಲು ಓದಿ "ಅದರಿಂದ ನನಗೇನು?" ಎಂದು ಕೇಳಿ. ಉತ್ತರ ಸಿಗದಿದ್ದರೆ ಅದಿನ್ನೂ ಆಸಕ್ತಿಯ ಸಾಲೇ.

ಪಾಸ್‌ಗೆ ಜಾಗ ಕಡಿಮೆ ಸಾಕು: "ಹಾಸಿಗೆ ನಡುವೆ ಗುಂಡಿ ಬಿದ್ದಿದೆಯಾ? ರಾತ್ರಿಯಿಡೀ ಇಬ್ಬರೂ ಅಲ್ಲಿಗೇ ಜಾರುತ್ತೀರಾ? ಹಳೆಯದು ಕೊಡಿ, ಹೊಸದು ಒಯ್ಯಿರಿ." ಆದರೆ ಕೆಣಕುವ ಭರದಲ್ಲಿ ಬೆನ್ನುನೋವು ವಾಸಿಯಾಗುತ್ತದೆ ಅಂತ ಸುಮ್ನೆ ಬರೆಯಬೇಡಿ. ಅದು ಪುರಾವೆ ಕೇಳುವ ಮಾತು.

ಓದುಗರಿಗೆ ತೊಂದರೆ ಆಗಲೇ ಗೊತ್ತಿದ್ದರೆ, ಜಾಗ ಎರಡೇ ಸಾಲಾದರೆ ಪಾಸ್ ಚೆಂದ. ಹೊಸ ಬಗೆಯ ಹಾಸಿಗೆ, ಬೆಲೆಯೂ ಜಾಸ್ತಿ, ಕರಪತ್ರದಷ್ಟು ಜಾಗವಿದೆ ಅಂದರೆ ಐಡಾ. ಬರೀ ಹಬ್ಬದ ರಿಯಾಯಿತಿ ಹೇಳುವುದಿದ್ದರೆ ಎರಡೂ ಬೇಡ, ಬೆಲೆ ಮತ್ತು ಕೊನೆಯ ದಿನಾಂಕ ದೊಡ್ಡದಾಗಿ ಹಾಕಿ.