ಕ್ರ್ಯಾಕ್ ಸಾಫ್ಟ್‌ವೇರ್ ಹಾಕ್ಸೋ ಮುಂಚೆ ಓದಿ, ಸ್ಟುಡಿಯೋ ಇಟ್ಕೊಂಡಿರೋರು ಮುಖ್ಯವಾಗಿ

ರಾಜಾಜಿನಗರದಲ್ಲಿ ನಮ್ಮ ಸೋದರಮಾವಂದು ಒಂದು ಫೋಟೋ ಸ್ಟುಡಿಯೋ ಇದೆ, ಮದುವೆ, ನಾಮಕರಣ, ಸೀಮಂತ ಇಂಥದ್ದೇ ಕೆಲ್ಸ. ಎಡಿಟಿಂಗ್ ಸಾಫ್ಟ್‌ವೇರಿಗೆ ತಿಂಗ್ಳು ತಿಂಗ್ಳು ದುಡ್ಡು ಯಾಕೆ ಕಟ್ಟೋದು ಅಂತ ಅಂಗಡಿ ಹುಡುಗ ಯಾವ್ದೋ ಸೈಟಿಂದ ಕ್ರ್ಯಾಕ್ ಇಳಿಸ್ದ. ಜಿಪ್ ಫೈಲಿಗೆ ಪಾಸ್‌ವರ್ಡ್, ಜೊತೆಗೆ ಆಂಟಿವೈರಸ್ ಆಫ್ ಮಾಡ್ಕೊಳಿ ಅಂತ ಸೂಚನೆ. ಪಾಸ್‌ವರ್ಡ್ ಇಡೋದೇ ಆಂಟಿವೈರಸ್ ಒಳಗೆ ಏನಿದೆ ಅಂತ ನೋಡೋಕಾಗ್ದೇ ಇರ್ಲಿ ಅಂತ. ಆದ್ರೆ ಕ್ರ್ಯಾಕ್ ಹಾಕಿ ಅಭ್ಯಾಸ ಇರೋರಿಗೆ ಇದು ಗೊತ್ತೇ ಆಗಲ್ಲ, ಕ್ರ್ಯಾಕ್ ಅಂದ್ಮೇಲೆ ಆಂಟಿವೈರಸ್ ಕಿರುಚೇ ಕಿರುಚುತ್ತೆ ಬಿಡಿ ಅಂತಾರೆ, ನಿಜವಾದ ವೈರಸ್ ಬಂದಾಗ್ಲೂ ಹಂಗೇ ಅಂತಾರೆ.

ರನ್ ಮಾಡಿದ್ಮೇಲೆ ವಿಂಡೋಸ್ ಅಪ್‌ಡೇಟ್ ಥರಾನೇ ಒಂದು ಕಿಟಕಿ ಬಂತಂತೆ, ಹುಡುಗ ಟೀ ಕುಡಿಯೋಕ್ ಹೋದ. ಅದು ಅಪ್‌ಡೇಟ್ ಅಲ್ಲ, ಹಿಂದೆ ಫೈಲ್‌ಗಳು ಲಾಕ್ ಆಗ್ತಾ ಇದ್ದಿದ್ದು ಕಾಣ್ಬಾರ್ದು ಅಂತ ಹಾಕಿದ್ ಪರದೆ. ಅವ್ನು ವಾಪಸ್ ಬರೋಷ್ಟ್ರಲ್ಲಿ ಎಲ್ಲಾ ಫೋಟೋ ಹೆಸರಿನ ಕೊನೇಲಿ ನಾಲ್ಕಕ್ಷರದ ವಿಚಿತ್ರ ಬಾಲ, ಒಂದೊಂದು ಫೋಲ್ಡರಲ್ಲೂ `_readme.txt`. ಅದ್ರಲ್ಲಿ 980 ಡಾಲರ್ ಕೊಡಿ, 72 ಗಂಟೆ ಒಳಗಾದ್ರೆ ಅರ್ಧ, 490 ಅಂತ. ಬ್ಯಾಕಪ್ ಹಾರ್ಡ್‌ಡಿಸ್ಕ್ ಯಾವಾಗ್ಲೂ ಸಿಕ್ಕಿಸಿದ್ದೇ ಇರ್ತಿತ್ತು, ಅದೂ ಹೋಯ್ತು. ಮೂರು ಮದುವೆ ಕೆಲ್ಸ ಅದ್ರಲ್ಲಿತ್ತು.

ಮಾವ ನನ್ನನ್ನ ಕರೆದಾಗ ಅವ್ರ ಫೋಟೋ ಚಿಂತೆ ಅಷ್ಟೇ ಇತ್ತು, ನಾನು ಮೊದ್ಲು ಇಂಟರ್ನೆಟ್ ವೈರ್ ಕಿತ್ತೆ. ಇದು ಫೈಲ್ ಲಾಕ್ ಮಾಡಿ ದುಡ್ಡು ಕೇಳೋ ವೈರಸ್ಸಲ್ಲಿ STOP/Djvu ಅನ್ನೋ ಜಾತಿ, ಕ್ರ್ಯಾಕ್ ಮೂಲಕಾನೇ ಜಾಸ್ತಿ ಹರಡೋದು, ಹೆಚ್ಚಾಗಿ ಜೊತೆಗೆ ಬ್ರೌಸರಲ್ಲಿ ಸೇವ್ ಮಾಡಿರೋ ಪಾಸ್‌ವರ್ಡ್ ಕದಿಯೋ ಇನ್ನೊಂದು ಕಳ್ಳನ್ನೂ ಕರ್ಕೊಂಡ್ ಬರುತ್ತೆ. ಹಾಗಾಗಿ ಜೀಮೇಲ್, ಬ್ಯಾಂಕು, ಇನ್‌ಸ್ಟಾ ಎಲ್ಲಾದ್ರ ಪಾಸ್‌ವರ್ಡ್ ಬೇರೆ ಮೊಬೈಲಿಂದ ಬದಲಾಯಿಸಿ, ಎಲ್ಲಾ ಕಡೆ ಲಾಗೌಟ್ ಮಾಡಿದ್ವಿ. ಇದನ್ನ ಬಹಳ ಜನ ಮರೀತಾರೆ, ಆಮೇಲೆ ವಾರಕ್ಕೆ ಅಕೌಂಟ್ ಹೋಯ್ತು ಅಂತ ಅಳ್ತಾರೆ.

ಫೋಟೋ ಸಿಗುತ್ತಾ ಅನ್ನೋದು ಆ ಚೀಟೀಲಿರೋ ಪರ್ಸನಲ್ ಐಡಿ ಮೇಲೆ. ಐಡಿ ಕೊನೇಲಿ `t1` ಇದ್ರೆ ಆಫ್‌ಲೈನ್ ಕೀ, ಅಂದ್ರೆ ಲಾಕ್ ಹಾಕಿದ ಅದೇ ಕೀ ಬೇರೆಯವ್ರಿಗೂ ಬಿದ್ದಿರುತ್ತೆ, ಅದು ಯಾರ ಕೈಗಾದ್ರೂ ಸಿಕ್ಕಿದ್ರೆ ಎಮ್ಸಿಸಾಫ್ಟ್ ಅನ್ನೋ ಆಂಟಿವೈರಸ್ ಕಂಪ್ನಿಯವ್ರ ಉಚಿತ ಟೂಲಲ್ಲಿ ಬಿಚ್ಬಹುದು. ಇಲ್ಲಾಂದ್ರೆ ನಿಮ್ಮ ಮೆಷಿನ್‌ಗೇ ಮಾಡಿದ್ ಬೇರೆ ಕೀ, ಟೂಲಿಂದ ಆಗಲ್ಲ. ಮಾವಂದು `t1` ಅಲ್ಲ. "ನಾನು ಬಿಚ್ಚಿಕೊಡ್ತೀನಿ, ಅಡ್ವಾನ್ಸ್ ಹಾಕಿ" ಅಂತ ಬರೋರಿಗೆ ದಯವಿಟ್ಟು ದುಡ್ಡು ಹಾಕ್ಬೇಡಿ.

ಒಂದೇ ಸಮಾಧಾನ, ಈ ವೈರಸ್ಸು ಪ್ರತಿ ಫೈಲಿನ ಮೊದಲ 150 ಕೆಬಿ ಅಷ್ಟೇ ಲಾಕ್ ಮಾಡುತ್ತೆ. ಹಾಗಾಗಿ ದೊಡ್ಡ ವಿಡಿಯೋ ಎಷ್ಟೋ ರಿಪೇರಿ ಆದ್ವು, ಅದೇ ಕ್ಯಾಮೆರಾದಲ್ಲಿ ಅದೇ ಸೆಟ್ಟಿಂಗಲ್ಲಿ ತೆಗೆದ ಒಂದು ಒಳ್ಳೆ ಫೈಲ್ ಮಾದರಿಗೆ ಬೇಕು ಅಷ್ಟೇ. ಜೆಪೆಗ್ ಫೋಟೋ ಬಂದ್ರೂ ಮೇಲಿನ ಪಟ್ಟಿ ಹೋಗಿರುತ್ತೆ, ನಿಂತ್ಕೊಂಡು ತೆಗೆಸಿದ ಗ್ರೂಪ್ ಫೋಟೋಲಿ ಮೇಲಿನ ಪಟ್ಟೀಲಿ ಏನಿರುತ್ತೆ ಹೇಳಿ, ತಲೆಗಳೇ! ಒಂದು ಮದುವೆದು ಮೆಮೊರಿ ಕಾರ್ಡ್ ಫಾರ್ಮ್ಯಾಟ್ ಆಗಿದ್ರೂ ಅದ್ರ ಮೇಲೆ ಹೊಸದೇನೂ ತೆಗೆದಿರ್ಲಿಲ್ಲ, ಅಳಿಸಿದ ಫೈಲ್ ವಾಪಸ್ ತೆಗೆಯೋ ಫೋಟೋರೆಕ್ ಹಾಕಿ ಬಹುಪಾಲು ತೆಗೆದ್ವಿ. ಉಳಿದೆರಡು ಮನೆಯವ್ರಿಗೆ ಮಾವನೇ ಹೋಗಿ ಹೇಳಿ ಅಡ್ವಾನ್ಸ್ ವಾಪಸ್ ಕೊಟ್ರು.

ಇಷ್ಟೆಲ್ಲಾ ಆದ್ಮೇಲೂ ಕ್ರ್ಯಾಕ್ ಹಾಕೋದ್ರ ಬಗ್ಗೆ ಮಾವನ ವಾದ, "ಅದೇನ್ ಕಳ್ಳತನ ಏನೋ, ಕಂಪ್ನಿಯವ್ರ ಹತ್ರ ಇರೋದು ಅವ್ರ ಹತ್ರಾನೇ ಇದೆಯಲ್ಲ". ನಿಜ ಹೇಳ್ಬೇಕಂದ್ರೆ ಕಾನೂನೂ ಅದನ್ನ ಕಳ್ಳತನ ಅನ್ನಲ್ಲ, ಭಾರತೀಯ ನ್ಯಾಯ ಸಂಹಿತೆ 303ರ ಕಳ್ಳತನಕ್ಕೆ ಒಬ್ಬರ ಸ್ವಾಧೀನದಿಂದ ಚರ ಆಸ್ತಿ ಎತ್ಕೊಂಡ್ ಹೋಗ್ಬೇಕು. ಆದ್ರೆ 1957ರ ಕಾಪಿರೈಟ್ ಕಾಯ್ದೇಲಿ 63ಬಿ ಅಂತಿದೆ, ನಕಲಿ ಅಂತ ಗೊತ್ತಿದ್ದೂ ಕಂಪ್ಯೂಟರಲ್ಲಿ ಆ ಪ್ರೋಗ್ರಾಂ ಬಳಸಿದ್ರೆ ಕನಿಷ್ಠ 7 ದಿನದಿಂದ 3 ವರ್ಷ ಜೈಲು, 50 ಸಾವಿರದಿಂದ 2 ಲಕ್ಷ ದಂಡ. ವ್ಯಾಪಾರಕ್ಕಲ್ಲ ಅಂದ್ರೆ ಕೋರ್ಟು ಜೈಲು ಬಿಟ್ಟು ಬರೀ ದಂಡ ಹಾಕ್ಬಹುದು, ಸ್ಟುಡಿಯೋದವ್ರು ಹಂಗೆ ಹೇಳೋಕಾಗುತ್ತಾ? ಸಿನಿಮಾ, ಹಾಡು ಮನೇಲಿ ನೋಡೋರದ್ದು ಬೇರೆ ಚರ್ಚೆ, ನನಗೆ ಅದೂ ಸರಿ ಅನ್ಸಲ್ಲ, ಆದ್ರೆ ಇಲ್ಲಿ ಆ ಪ್ರೋಗ್ರಾಮಿಂದಾನೇ ಆಲ್ಬಮ್ ಮಾಡಿ ದುಡ್ಡು ಎಣಿಸ್ತಿದ್ರು.

ನಾನು ಕೇಳಿದ್ದು ಒಂದೇ, "ಮಾವ, ಸೆಲೆಕ್ಷನ್‌ಗೆ ಕಳ್ಸೋ ಫೋಟೋ ಮೇಲೆ ಅಷ್ಟು ದಪ್ಪ ವಾಟರ್‌ಮಾರ್ಕ್ ಯಾಕ್ ಹಾಕ್ತೀರ? ಒರಿಜಿನಲ್ ನಿಮ್ಮ ಹತ್ರಾನೇ ಇರುತ್ತಲ್ಲ". ಸ್ಕ್ರೀನ್‌ಶಾಟ್ ತೆಗ್ದು ಹೊರ್ಗಡೆ ಪ್ರಿಂಟ್ ಹಾಕ್ಸಿ ದುಡ್ಡು ಕೊಡ್ದೇ ಹೋಗೋರ್ನ ಬೈಯೋದು ಇಡೀ ಏರಿಯಾದಲ್ಲಿ ಅವ್ರೇ ಜಾಸ್ತಿ. "ಅದೇ ಬೇರೆ" ಅಂದ್ರು, ಹೆಂಗೆ ಬೇರೆ ಅಂತ ಇನ್ನೂ ಹೇಳಿಲ್ಲ.

ಈಗ ವಿಡಿಯೋಗೆ ಡಾವಿಂಚಿ ರಿಸಾಲ್ವ್‌ನ ಫ್ರೀ ವರ್ಷನ್, ಫೋಟೋಗೆ ಒಂದು ಲೈಸೆನ್ಸ್ ತಗೊಂಡಿದ್ದಾರೆ, ಬ್ಯಾಕಪ್ ಡಿಸ್ಕ್ ಕೆಲ್ಸ ಆದ್ಮೇಲೆ ಕಿತ್ತು ಬೀರುಲಿ ಇಡ್ತಾರೆ. ನಿಮ್ಗೂ ಹಿಂಗಾಗಿದ್ರೆ ಲಾಕ್ ಆದ ಫೈಲ್ ಮತ್ತೆ ಆ ಚೀಟಿ ಎರಡನ್ನೂ ಡಿಲೀಟ್ ಮಾಡ್ಬೇಡಿ, ಮುಂದೆ ಕೀ ಸಿಕ್ರೆ ಬೇಕಾಗುತ್ತೆ, ಮತ್ತೆ 1930ಕ್ಕೆ ಫೋನ್ ಮಾಡಿ ಇಲ್ಲಾ cybercrime.gov.in ಅಲ್ಲಿ ಕಂಪ್ಲೇಂಟ್ ಹಾಕಿ.