ಮದುವೆ ತಾರೀಖಿನ ‘ಕೂಡು ಸಂಖ್ಯೆ’ ನೋಡಿಸುವ ಮೊದಲು ಇದನ್ನೊಮ್ಮೆ ಓದಿ

ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ. ಮನೆಯಲ್ಲಿ ಈ ವಿಷಯ ಬಂದರೆ ತಂಗಿ ಈಗಲೂ ನನ್ನ ಮುಖ ನೋಡಿ ನಗುತ್ತಾಳೆ. ಅಪ್ಪ ಮಾತ್ರ ನಗುವುದಿಲ್ಲ.

2025ರ ಮೇ 16, ಶುಕ್ರವಾರ ತಂಗಿಯ ಮದುವೆ ಅಂತ ನಮ್ಮ ಭಟ್ಟರು ಎರಡೂ ಜಾತಕ, ಪಂಚಾಂಗ ನೋಡಿ ಗೊತ್ತು ಮಾಡಿದ್ದರು. ಶಿರಸಿಯಲ್ಲಿ ಹಾಲ್‌ಗೆ 25,000 ರೂಪಾಯಿ ಅಡ್ವಾನ್ಸ್ ಕೊಟ್ಟಾಗಿತ್ತು. ಅಡುಗೆಯವರಿಗೆ ಹೇಳಿಯಾಗಿತ್ತು. 600 ಆಮಂತ್ರಣ ಪತ್ರಿಕೆ ಅಚ್ಚಾಗಿ ಬಂದು ಜಗಲಿ ಮೇಲೆ ಕೂತಿದ್ದವು. ಎಲ್ಲ ಸರಿ ಇತ್ತು. ಸರಿ ಇದ್ದದ್ದನ್ನು ಕೆಡಿಸಿದ್ದು ನಾನು.

ಪರಿಚಯದವರೊಬ್ಬರು ಒಬ್ಬ ಸಂಖ್ಯಾಶಾಸ್ತ್ರದವರ ನಂಬರ್ ಕೊಟ್ಟರು. ಸುಮ್ನೆ ಒಂದ್ಸಲ ತೋರಿಸೋಣ ಅಂತ ಮೆಸೇಜ್ ಮಾಡಿದೆ. ಹುಡುಗ ಹುಡುಗಿ ಇಬ್ಬರ ಆಧಾರ್ ಫೋಟೋ ಕಳಿಸಿ, 2,500 ಹಾಕಿ ಅಂದರು. ಕಳಿಸಿದೆ, ಹಾಕಿದೆ. ರಾತ್ರಿ ಒಂಬತ್ತೂವರೆಗೆ ಫೋನ್ ಬಂತು.

“ಸರ್, ಕೂತ್ಕೊಂಡಿದ್ದೀರಾ?” ಅಂತ ಶುರು ಮಾಡಿದರು. ನಾನು ನಿಂತಿದ್ದವನು ನಿಜವಾಗಿಯೂ ಕೂತೆ!

ಅವರ ಲೆಕ್ಕ ಇಷ್ಟೇ. ತಂಗಿ ಹುಟ್ಟಿದ್ದು 14-8-1997. ಎಲ್ಲ ಅಂಕಿ ಕೂಡಿದರೆ 39, ಅದನ್ನು ಕೂಡಿದರೆ 12, ಮತ್ತೆ ಕೂಡಿದರೆ 3. ಇದು ಅವಳ ಭಾಗ್ಯಾಂಕ. ಹುಡುಗನದು 1-6-1993. ಅದು 29, 11, ಕೊನೆಗೆ 2. ಮದುವೆ ತಾರೀಖು 16-5-2025 ಕೂಡಿದರೆ 21, ಅಂದರೆ 3. ಮೂರನ್ನೂ ಸೇರಿಸಿ: 3, 2, 3. ಒಟ್ಟು 8.

“8 ಅಂದ್ರೆ ಶನಿ ಸರ್. ಎರಡು ವರ್ಷ ಹೇಗೋ ತಳ್ತಾರೆ. ಆಮೇಲೆ ಮಾತು ನಿಲ್ಲತ್ತೆ. ನಾನು ಹೆದರಿಸ್ತಿಲ್ಲ, ಸಂಖ್ಯೆ ಹೇಳ್ತಿದೆ.”

ಹೆದರಿಸ್ತಿಲ್ಲ ಅಂದರಲ್ಲ, ಅಲ್ಲೇ ಹೆದರಿದೆ. ಪರಿಹಾರಕ್ಕೆ ಇನ್ನೂ 5,100. ಹಾಕಿದ ಹತ್ತೇ ನಿಮಿಷದಲ್ಲಿ ಹೊಸ ತಾರೀಖು ಬಂತು: ಮೇ 23. ಅದರ ಮೊತ್ತ 19, 10, 1. ಒಟ್ಟು 3, 2, 1 ಸೇರಿ 6. “6 ಶುಕ್ರ ಸರ್, ದಾಂಪತ್ಯದ ಸಂಖ್ಯೆ, ಇದಕ್ಕಿಂತ ಒಳ್ಳೇದು ಸಿಗಲ್ಲ.” ಹತ್ತು ನಿಮಿಷಕ್ಕೆ 5,100. ಆಗ ಇದು ಹೊಳೆಯಲಿಲ್ಲ.

ಭಟ್ಟರು ಬೇಜಾರು ಮಾಡಿಕೊಂಡರು. “ತಮಾ, ನಾ ನೋಡಿದ್ದು ಲಗ್ನ, ತಿಥಿ, ನಕ್ಷತ್ರ. ಇಂಗ್ಲಿಷ್ ತಾರೀಖು ಕೂಡ್ಸಿ ಕಳೆಯೋದು ನಂಗೊತ್ತಿಲ್ಲೆ” ಅಂದರು. ನಾನು ಹಟ ಮಾಡಿದ್ದಕ್ಕೆ 23ಕ್ಕೆ ಹೇಗೋ ಒಂದು ಮುಹೂರ್ತ ಹುಡುಕಿ ಕೊಟ್ಟರು. ಆ ದಿನ ಹಾಲ್ ಖಾಲಿ ಇಲ್ಲ, ಅಡ್ವಾನ್ಸ್ ವಾಪಸ್ ಇಲ್ಲ. ಮನೆ ಅಂಗಳದಲ್ಲೇ ಚಪ್ಪರ ಹಾಕೋದು ಅಂತಾಯಿತು. ಪತ್ರಿಕೆ ಮತ್ತೆ ಅಚ್ಚು.

ಹೊಸ ಪತ್ರಿಕೆ ಕೊಡಲು ಹುಡುಗನ ಮನೆಗೆ ಹೋದಾಗ, ನಾನು ದೊಡ್ಡ ಕೆಲಸ ಮಾಡಿದವನ ಹಾಗೆ ಎಲ್ಲ ಲೆಕ್ಕ ವಿವರಿಸಿದೆ. ಹುಡುಗನ ಆಯಿ ಎಲೆಗೆ ಸುಣ್ಣ ಹಚ್ಚುತ್ತಾ ಕೇಳಿಸಿಕೊಂಡರು. ಆಮೇಲೆ ತಲೆ ಎತ್ತಿ, “ಜೂನ್ ಒಂದಾ? ಅದು ಶಾಲೆಗೆ ಹಾಕುವಾಗ ಮಾಸ್ತರು ಬರೆದದ್ದು. ಮಾಣಿ ಹುಟ್ಟಿದ್ದು ದೀಪಾವಳಿ ಕಳೆದ ಮೇಲೆ, ನವೆಂಬರ್ 22ಕ್ಕೆ. ಜಾತಕದಲ್ಲಿ ಅದೇ ಇದ್ದಲೋ” ಅಂದರು.

ನನಗೆ ಕೂತಲ್ಲೇ ಬೆವರು. ನಮ್ಮ ಕಡೆ ಎಷ್ಟು ಜನರ ದಾಖಲೆಯಲ್ಲಿ ಜೂನ್ 1 ಇದೆ ಅಂತ ನನಗೆ ಗೊತ್ತಿಲ್ಲದ್ದೇ? ನಮ್ಮಪ್ಪನದೂ ಜೂನ್ 1! ಒಂದನೇ ಕ್ಲಾಸಿಗೆ ವಯಸ್ಸು ಸರಿಹೊಂದಿಸಲು ಬರೆದ ತಾರೀಖನ್ನು ಹಿಡಿದು, ತಂಗಿಯ ಸಂಸಾರ ಎರಡು ವರ್ಷಕ್ಕೆ ನಿಲ್ಲತ್ತೆ ಅಂತ ಕೇಳಿ, ದುಡ್ಡು ಕೊಟ್ಟು ಬಂದಿದ್ದೆ.

ದಾರಿಯಲ್ಲೇ ಬೈಕ್ ನಿಲ್ಲಿಸಿ ಕೂಡಿದೆ. 22-11-1993 ಅಂದರೆ 28, 10, 1. ಹಾಗಾದರೆ ಮೊದಲಿನ ಮೇ 16ಕ್ಕೆ 3, 1, 3. ಒಟ್ಟು 7. ಅಂದರೆ 8 ಇರಲೇ ಇಲ್ಲ! ಶನಿ ಇರಲೇ ಇಲ್ಲ! ಅಲ್ಲಿಂದಲೇ ಫೋನ್ ಮಾಡಿದೆ.

“ಓಹೋ 7 ಆಯ್ತಾ? 7 ಕೇತು ಸರ್. ವೈರಾಗ್ಯ. ಗಂಡ ಹೆಂಡತಿಗೆ ಅದೂ ಒಳ್ಳೇದಲ್ಲ. ದೇವರೇ ನಿಮ್ಮನ್ನ ಉಳಿಸಿದ್ದು.”

“ಹಾಗಾದ್ರೆ 23ಕ್ಕೆ ಈಗ 6 ಬರಲ್ಲ ಅಲ್ವಾ, 5 ಬರತ್ತೆ.”

“5 ಬುಧ. ಸ್ನೇಹಿತರ ಹಾಗೆ ಇರ್ತಾರೆ. ಇವತ್ತಿನ ಕಾಲಕ್ಕೆ 6ಕ್ಕಿಂತ 5 ಬೆಸ್ಟ್ ಸರ್.”

“ಮತ್ತೆ 6ಕ್ಕಿಂತ ಒಳ್ಳೇದು ಸಿಗಲ್ಲ ಅಂದಿದ್ರಿ?”

“ಸರ್, ದಾಖಲೆಯ ತಾರೀಖಿಗೂ ಒಂದು ಕಂಪನ ಇರತ್ತೆ. ಅದು ನಿಮಗೆ ಅರ್ಥ ಆಗಲ್ಲ.”

ಫೋನ್ ಇಟ್ಟರು. ನಂತರ ದುಡ್ಡು ಕೇಳಿ ಹಾಕಿದ ಮೂರು ಮೆಸೇಜಿಗೂ ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ.

ಅವತ್ತು ರಾತ್ರಿ ತಂಗಿ ಹಳೇ ಪತ್ರಿಕೆಯೊಂದರ ಹಿಂದೆ ಪೆನ್ನಿಂದ ಬರೆದು ತೋರಿಸಿದಳು. 2025ರ ಅಂಕಿ ಕೂಡಿದರೆ 9. ಈ ಲೆಕ್ಕದಲ್ಲಿ 9 ಸೇರಿಸಿದರೂ ಒಂದೇ, ಬಿಟ್ಟರೂ ಒಂದೇ. 3ಕ್ಕೆ 9 ಸೇರಿಸಿದರೆ 12, ಮತ್ತೆ 3. ಅಂದರೆ ಆ ವರ್ಷಕ್ಕೆ ಬೆಲೆಯೇ ಇಲ್ಲ. ಇಬ್ಬರ ಹುಟ್ಟಿದ ತಾರೀಖು ಬದಲಾಗುವುದಿಲ್ಲ, ತಿಂಗಳೂ ಅದೇ. ಉಳಿದದ್ದು ದಿನ ಮಾತ್ರ. ಒಂದು ದಿನ ಮುಂದೆ ಹೋದರೆ ಒಟ್ಟು ಒಂದು ಹೆಚ್ಚುತ್ತದೆ, 9 ಆದ ಮೇಲೆ ಮತ್ತೆ 1. ಅವರು ಹಿಡಿದ ಲೆಕ್ಕದಲ್ಲೇ 16ಕ್ಕೆ 8, 17ಕ್ಕೆ 9, 18ಕ್ಕೆ 1, ಹೀಗೆ 24ಕ್ಕೆ 7. ಒಂಬತ್ತು ದಿನದಲ್ಲಿ ಒಂಬತ್ತೂ ಸಂಖ್ಯೆ ಬಂದುಹೋಗುತ್ತವೆ. ಯಾವ ಜೋಡಿ ಬಂದರೂ ಅವರ ಹತ್ತಿರ ಅದೇ ವಾರದ ಆಸುಪಾಸಿನಲ್ಲಿ ಒಂದು ‘ಒಳ್ಳೆಯ’ ದಿನ ಇದ್ದೇ ಇರುತ್ತದೆ. ಬೆರಳಲ್ಲಿ ಎಣಿಸಿದರೆ ಸಾಕು.

“ಅಣ್ಣಾ, ಒಂಬತ್ತು ಮದುವೆಯಲ್ಲಿ ಸುಮಾರಾಗಿ ಒಂದಕ್ಕೆ 8 ಬರಲೇಬೇಕು. ನಮ್ಮೂರಲ್ಲಿ ಒಂಬತ್ತು ಮನೆಗೊಂದು ಸಂಸಾರ ಮುರಿದಿದ್ಯಾ?” ಅಂದಳು. ನಮ್ಮ ಆಯಿ ಒಳಗಿಂದ, “ನನ್ನ ಹುಟ್ಟಿದ ತಾರೀಖು ಯಾರಿಗೂ ಗೊತ್ತಿಲ್ಲೆ. ನಂಗೆಷ್ಟು ಬತ್ತು ನೋಡು” ಅಂದರು. ಅಪ್ಪನದು ಮಾಸ್ತರು ಬರೆದದ್ದು, ಆಯಿಯದು ಇಲ್ಲವೇ ಇಲ್ಲ. ಇಬ್ಬರೂ ಮೂವತ್ತೆರಡು ವರ್ಷದಿಂದ ಚಹಾದ ಸಕ್ಕರೆಗೆ ಜಗಳ ಆಡುತ್ತಾ ಜೊತೆಗಿದ್ದಾರೆ.

ಇನ್ನು ಮೇ 23ರ ಕಥೆ ನಮ್ಮ ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ. ಆ ವರ್ಷ ಮಳೆ ಬೇಗ ಬಂತು. ಮರುದಿನ 24ಕ್ಕೆ ಮುಂಗಾರು ಕೇರಳ ಮುಟ್ಟಿತು. ನಮ್ಮ ಕಡೆ ಅದಕ್ಕೂ ಮೊದಲೇ ಸುರಿಯಲು ಶುರುವಾಗಿತ್ತು. ಚಪ್ಪರದ ತಾಡಪಾಲಿನ ಹೊಟ್ಟೆಯಲ್ಲಿ ನೀರು ತುಂಬಿ ಇಳಿಬಿದ್ದಿತ್ತು. ಧಾರೆ ಎರೆಯುವ ಹೊತ್ತಿಗೆ ಇಬ್ಬರು ಹುಡುಗರು ಅಡಿಕೆ ದಬ್ಬೆಯಿಂದ ಅದನ್ನು ಎತ್ತೆತ್ತಿ ನೀರು ಹೊರಗೆ ಚೆಲ್ಲುತ್ತಿದ್ದರು. ಊಟದ ಪಂಕ್ತಿಯನ್ನು ಜಗಲಿಗೆ, ಕೊನೆಗೆ ಕೊಟ್ಟಿಗೆಯ ಪಕ್ಕಕ್ಕೆ ಸರಿಸಿದೆವು. ಕರಾವಳಿಯಿಂದ ಘಟ್ಟ ಹತ್ತಿ ಬರಬೇಕಿದ್ದ ನೆಂಟರಲ್ಲಿ ಅರ್ಧ ಜನ ಬರಲೇ ಇಲ್ಲ.

ಇಷ್ಟಾದ ಮೇಲೂ ಸಂಖ್ಯೆ ನೋಡಿಸಲು ಹೋಗಲೇಬೇಕು ಅಂತಿದ್ದರೆ ಒಂದು ಕೆಲಸ ಮಾಡಿ. ಹುಡುಗನ ಹುಟ್ಟಿದ ತಾರೀಖನ್ನು ಬೇಕಂತಲೇ ಒಂದು ದಿನ ತಪ್ಪಾಗಿ ಕೊಡಿ. ಅವರು ತಾರೀಖು ಬದಲಿಸಿಕೊಟ್ಟ ಮೇಲೆ ಸರಿಯಾದದ್ದು ಹೇಳಿ, ಏನು ಉತ್ತರ ಬರುತ್ತದೆ ಕೇಳಿ. ಆದರೆ ಹಾಲ್ ಅಡ್ವಾನ್ಸ್ ಕೊಡುವ ಮೊದಲು ಮಾಡಿ ಮಾರಾಯ್ರೇ. ನನ್ನ ಹಾಗೆ ಆಮೇಲೆ ಅಲ್ಲ.

ಮೊನ್ನೆ ಅದೇ ನಂಬರಿನಿಂದ ಮೆಸೇಜ್ ಬಂತು. ತಂಗಿಗೆ ಮದುವೆಯ ವಾರ್ಷಿಕೋತ್ಸವದ ಶುಭಾಶಯವಂತೆ, ಮುಂದಿನ ವರ್ಷದ ಸಂಖ್ಯೆ ‘ಸ್ವಲ್ಪ ನೋಡಬೇಕು’ ಅಂತೆ. ಶುಭಾಶಯದಲ್ಲಿ ಹಾಕಿದ ತಾರೀಖು ಮೇ 16.